ಕರಿಬೇವಿನ ಕುಂಡ ಮತ್ತು ನಿಂಬೆ ಚಿಟ್ಟೆಯ ಹುಳು: ಮಳೆಗಾಲದ ದಾಖಲೆ

ಜೂನ್ ಮೊದಲ ವಾರ

ಮೇ ಕೊನೆಯಲ್ಲಿ ಕರಿಬೇವಿನ ತುದಿಗಳನ್ನು ಕತ್ತರಿಸಿ, ಬುಡಕ್ಕೆ ಎರೆಗೊಬ್ಬರ ಹಾಕಿದ್ದೆ. ಮೈಸೂರಿನಲ್ಲಿ ಒಳ್ಳೆಯ ಮಳೆ ಬಿದ್ದ ಮೇಲೆ ಕತ್ತರಿಸಿದ ಕಡೆಯೆಲ್ಲ ಚಿಗುರು ಒಡೆದಿದೆ. ಕಳೆದ ವರ್ಷ ಇದೇ ಹೊತ್ತಿನಲ್ಲಿ ಗಿಡ ಬರಿಯ ಕಡ್ಡಿಯಾಗಿ ನಿಂತಿತ್ತು. ಆದ್ದರಿಂದ ಈ ಸಲ ಚಿಗುರು ಕಂಡಾಗಿನಿಂದಲೇ ಬರೆದಿಡುತ್ತಿದ್ದೇನೆ.

ಚಿಟ್ಟೆ ಬಂದಾಯಿತು. ಕಪ್ಪು ರೆಕ್ಕೆಯ ಮೇಲೆ ತಿಳಿಹಳದಿ ಮಚ್ಚೆಗಳಿರುವ ನಿಂಬೆ ಚಿಟ್ಟೆ. ನಿಂಬೆ, ಕರಿಬೇವು, ಬಿಲ್ವ ಎಲ್ಲವೂ ಒಂದೇ ಕುಟುಂಬದ ಗಿಡಗಳಾದ್ದರಿಂದ ಈ ಚಿಟ್ಟೆಗೆ ಮೂರೂ ಸರಿಹೋಗುತ್ತವೆ. ಹೆಣ್ಣು ಚಿಟ್ಟೆ ಎಲೆಯ ಮೇಲೆ ಪೂರ್ತಿ ಕೂರುವುದೇ ಇಲ್ಲ. ರೆಕ್ಕೆ ಬಡಿಯುತ್ತಲೇ ಕಾಲಿನಿಂದ ಚಿಗುರನ್ನು ಮುಟ್ಟಿ ನೋಡುತ್ತದೆ, ಹೊಟ್ಟೆಯ ತುದಿಯನ್ನು ಬಾಗಿಸಿ ಒಂದೇ ಒಂದು ಮೊಟ್ಟೆ ಅಂಟಿಸಿ ಮುಂದಿನ ರೆಂಬೆಗೆ ಹಾರುತ್ತದೆ. ಬಲಿತ ಎಲೆಗಳ ಕಡೆ ತಿರುಗಿಯೂ ನೋಡಲಿಲ್ಲ. ಗಿಡ ಕತ್ತರಿಸಿ ಗೊಬ್ಬರ ಹಾಕಿದ ಮೇಲಿನ ಎರಡು ಮೂರು ವಾರಗಳೇ ಅಪಾಯದ ಕಾಲ ಎನ್ನುವುದು ಇದರಿಂದಲೇ ತಿಳಿಯುತ್ತದೆ.

ಮೊಟ್ಟೆ ಸುಮಾರು ಒಂದು ಮಿಲಿಮೀಟರಿನ, ತಿಳಿಹಳದಿ ಬಣ್ಣದ ದುಂಡನೆಯ ಮಣಿ. ಎಲೆಯ ಅಂಚಿನಲ್ಲಿ, ಹಿಂಬದಿಯಲ್ಲಿ, ಮುದುಡಿದ ಚಿಗುರಿನ ಸಂದಿನಲ್ಲಿ ಬೇರೆ ಬೇರೆಯಾಗಿ ಇರುತ್ತದೆ. ಉಗುರಿನಿಂದ ತಟ್ಟಿದರೆ ಬಿದ್ದುಹೋಗುತ್ತದೆ. ಮೂರು ನಾಲ್ಕು ದಿನಗಳಲ್ಲಿ ಒಡೆಯುವುದರಿಂದ ವಾರಕ್ಕೊಮ್ಮೆ ನೋಡಿದರೆ ಸಾಲದು. ದಿನ ಬಿಟ್ಟು ದಿನವಾದರೂ ಚಿಗುರನ್ನು ತಿರುಗಿಸಿ ನೋಡಬೇಕು.

ಜೂನ್ ಮಧ್ಯಭಾಗ

ಕಣ್ಣು ತಪ್ಪಿಸಿಕೊಂಡ ಮೊಟ್ಟೆಗಳು ಈಗ ಹುಳುಗಳಾಗಿವೆ. ಮೊದಲ ನಾಲ್ಕು ಹಂತಗಳಲ್ಲಿ ಈ ಹುಳು ಹಕ್ಕಿಯ ಹಿಕ್ಕೆಯಂತೆಯೇ ಕಾಣುತ್ತದೆ: ಕಂದುಗಪ್ಪು ಮೈ, ನಡುವೆ ಬಿಳಿಯ ಪಟ್ಟೆ, ಒದ್ದೆಯಾದಂತಹ ಹೊಳಪು. ಎಲೆಯ ಮೇಲ್ಭಾಗದಲ್ಲಿ ಅಲುಗಾಡದೆ ಬಿದ್ದಿರುವುದರಿಂದ ನೋಡಿಯೂ ನೋಡದಂತಾಗುತ್ತದೆ. ಐದನೆಯ ಹಂತಕ್ಕೆ ಬಂದಾಗ ಮೈ ಹಸಿರಾಗುತ್ತದೆ. ಸುಮಾರು ನಾಲ್ಕು ಸೆಂಟಿಮೀಟರ್ ಬೆಳೆಯುವ ಆ ಹಸಿರು ಹುಳುವೇ ಎಲ್ಲರ ಕಣ್ಣಿಗೆ ಬೀಳುವುದು. ಆದರೆ ಹುಳು ತನ್ನ ಜೀವಮಾನದಲ್ಲಿ ತಿನ್ನುವ ಎಲೆಯಲ್ಲಿ ಬಹುಪಾಲನ್ನು ತಿನ್ನುವುದು ಈ ಕೊನೆಯ ಹಂತದ ಕೆಲವೇ ದಿನಗಳಲ್ಲಿ. "ನಿನ್ನೆ ಗಿಡ ಚೆನ್ನಾಗಿಯೇ ಇತ್ತು, ಬೆಳಗ್ಗೆ ನೋಡಿದರೆ ಕಡ್ಡಿ" ಎಂದು ಅತ್ತೆ ಹೇಳುವುದು ಅದಕ್ಕೇ. ಹುಳು ಬಂದು ವಾರ ಕಳೆದಿರುತ್ತದೆ, ನಮಗೆ ಗೊತ್ತಾಗುವುದು ಊಟ ಮುಗಿಯುವ ಹೊತ್ತಿಗೆ.

ಹುಳು ಹುಡುಕಲು ನಾನು ನೆಚ್ಚಿಕೊಂಡಿರುವುದು ಅದರ ಹಿಕ್ಕೆಯನ್ನು. ಕುಂಡದ ಮಣ್ಣು ಕಪ್ಪಾಗಿರುವುದರಿಂದ ಕಾಣುವುದಿಲ್ಲವೆಂದು ಸಂಜೆ ಬುಡದ ಸುತ್ತ ಹಳೆಯ ಪತ್ರಿಕೆಯ ಹಾಳೆ ಹಾಸುತ್ತೇನೆ. ಬೆಳಗ್ಗೆ ಹಾಳೆಯ ಮೇಲೆ ಹಸಿರುಗಪ್ಪು ಉಂಡೆಗಳು ಎಲ್ಲಿ ಬಿದ್ದಿವೆಯೋ ಅಲ್ಲಿಂದ ನೇರವಾಗಿ ಮೇಲೆ ನೋಡಿದರೆ ಹುಳು ಸಿಗುತ್ತದೆ. ಉಂಡೆ ದಪ್ಪವಾಗಿದ್ದರೆ ದೊಡ್ಡ ಹುಳು, ಅಂದರೆ ಅಂದೇ ತೆಗೆಯಬೇಕು. ಎಲೆಯೆಲ್ಲ ಹೋಗಿ ನಡುದಂಟು ಮಾತ್ರ ಉಳಿದ ಗರಿ ಕಂಡರೆ ಅದರ ಕೆಳಗಿನ ಕಡ್ಡಿಯನ್ನೂ ನೋಡುತ್ತೇನೆ. ತಿಂದಾದ ಮೇಲೆ ಹುಳು ಅಲ್ಲಿಗೆ ಇಳಿದು ಸುಮ್ಮನಿರುವುದುಂಟು.

ಕೈಯಿಂದ ಹಿಡಿದರೆ ತಲೆಯ ಹಿಂದಿನಿಂದ ಕವಲೊಡೆದ ಕೆಂಗಿತ್ತಳೆ ಕೊಂಬೊಂದನ್ನು ಹೊರಚಾಚಿ ಘಾಟು ವಾಸನೆ ಬಿಡುತ್ತದೆ. ಇರುವೆ, ಹಕ್ಕಿಗಳನ್ನು ಹೆದರಿಸಲು ಇರುವ ಅಂಗ ಅದು. ಕಚ್ಚುವುದಿಲ್ಲ, ಮೈಯಲ್ಲಿ ತುರಿಕೆ ಬರಿಸುವ ಕೂದಲೂ ಇಲ್ಲ. ಕೂದಲಿರುವ ಕಂಬಳಿಹುಳುವಾದರೆ ಮಾತ್ರ ಬರಿಗೈಯಲ್ಲಿ ಮುಟ್ಟಬಾರದು. ನಾನು ಹುಳುವನ್ನು ಎಳೆಯದೆ, ಅದು ಕೂತ ಎಲೆಯ ಸಮೇತ ಕತ್ತರಿಸುತ್ತೇನೆ.

ಹುಳುಗಳನ್ನೆಲ್ಲ ಕೊಲ್ಲಲು ನನಗೆ ಮನಸ್ಸಿಲ್ಲ. ಕರಿಬೇವು ಬೇರಿನಿಂದ ಮರಿ ಗಿಡಗಳನ್ನು ಎಬ್ಬಿಸುತ್ತದಲ್ಲ, ಅಂತಹ ಎರಡನ್ನು ಬೇರೆ ಕುಂಡದಲ್ಲಿ ನೆಟ್ಟು ತಾರಸಿಯ ಇನ್ನೊಂದು ಮೂಲೆಯಲ್ಲಿ ಹುಳುಗಳಿಗೆಂದೇ ಬಿಟ್ಟಿದ್ದೇನೆ. ಆದರೆ ಅಷ್ಟು ಚಿಕ್ಕ ಗಿಡ ಒಂದೆರಡು ಹುಳುಗಳನ್ನು ಮಾತ್ರ ಸಾಕಬಲ್ಲದು. ಮಿಕ್ಕವು ಸಾಬೂನು ನೀರಿನ ಡಬ್ಬಿಗೆ ಹೋಗುತ್ತವೆ.

ಜೂನ್ ಕೊನೆ

ನಾಲ್ಕು ದಿನ ಊರಿಗೆ ಹೋಗಬೇಕಾಗಿತ್ತು, ಅಷ್ಟು ದಿನ ಕೈಯಿಂದ ಆರಿಸುವವರು ಯಾರೂ ಇರಲಿಲ್ಲ. ಸಿಂಪಡಣೆಗೆ ಇಳಿದದ್ದು ಆಗ.

ಯಾವ ಸಿಂಪಡಣೆ ಎನ್ನುವುದು ಹುಳುವಿನ ಗಾತ್ರದ ಮೇಲೆ ನಿಂತಿದೆ. ಬೇವಿನ ಎಣ್ಣೆ ಕೂಡಲೇ ಕೊಲ್ಲುವ ವಿಷವಲ್ಲ. ಎಲೆಯನ್ನು ತಿನ್ನದಂತೆ ಮಾಡುತ್ತದೆ, ಪೊರೆ ಬಿಡುವುದನ್ನು ಕೆಡಿಸುತ್ತದೆ. ಹಾಗಾಗಿ ಎಳೆಯ ಹುಳುವಿಗೆ ನಾಟುತ್ತದೆ, ಬೆಳೆದ ಹಸಿರು ಹುಳುವಿಗೆ ಅಷ್ಟಾಗಿ ತಾಗುವುದಿಲ್ಲ. ನನ್ನ ಅಳತೆ: ಒಂದು ಲೀಟರ್ ಉಗುರುಬೆಚ್ಚನೆಯ ನೀರಿಗೆ 3ರಿಂದ 5 ಮಿಲಿಲೀಟರ್ ಎಣ್ಣೆ. ಮೊದಲು ಎಣ್ಣೆಗೆ ಪಾತ್ರೆ ತೊಳೆಯುವ ದ್ರವ ಸಾಬೂನಿನ ಕೆಲವು ಹನಿ ಸೇರಿಸಿ ಕಲಕಿ, ಆಮೇಲೆ ನೀರು ಹಾಕಬೇಕು. ನೀರು ಹಾಲಿನ ಬಣ್ಣಕ್ಕೆ ತಿರುಗಿದರೆ ಬೆರೆತಿದೆ ಎಂದು ಅರ್ಥ. ಮೇಲೆ ಎಣ್ಣೆಯ ಕಣ್ಣುಗಳು ತೇಲುತ್ತಿದ್ದರೆ ಸಿಂಪಡಿಸಬಾರದು, ಎಣ್ಣೆ ಬಿದ್ದಲ್ಲಿ ಚಿಗುರು ಸುಡುತ್ತದೆ. ಬಿಸಿಲಿನಲ್ಲೂ ಸುಡುತ್ತದೆ, ಅದಕ್ಕೇ ಸಂಜೆಯ ಹೊತ್ತು. ಕಲಸಿದ್ದನ್ನು ಅಂದೇ ಮುಗಿಸಬೇಕು.

ಊರಿಗೆ ಹೊರಡುವ ಸಂಜೆ ನಾನು ಹಾಕಿದ್ದು ಬಿ.ಟಿ. ಪುಡಿ. ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಕುರ್ಸ್ಟಾಕಿ ಎಂಬ ಬ್ಯಾಕ್ಟೀರಿಯಾದಿಂದ ಮಾಡಿದ್ದು, ಕೀಟನಾಶಕ ಮಾರುವ ಕೃಷಿ ಅಂಗಡಿಗಳಲ್ಲಿ ಸಿಗುತ್ತದೆ. ನಾನು ತಂದದ್ದರ ಪೊಟ್ಟಣದ ಮೇಲಿನ ಅಳತೆ ಲೀಟರಿಗೆ ಒಂದು ಗ್ರಾಂ. ಇದು ಮೈಗೆ ತಾಗಿದರೆ ಏನೂ ಆಗುವುದಿಲ್ಲ, ಹುಳು ತಿಂದು ಕರುಳಿಗೆ ಹೋಗಬೇಕು. ಆದ್ದರಿಂದ ಎಲೆಯ ಎರಡೂ ಬದಿ ನೆನೆಯಬೇಕು. ತಿಂದ ಕೆಲವು ಗಂಟೆಗಳಲ್ಲಿ ಹುಳು ಮೇಯುವುದನ್ನು ನಿಲ್ಲಿಸುತ್ತದೆ, ಸಾಯಲು ಎರಡು ಮೂರು ದಿನ ಬೇಕಾಗಬಹುದು. ಹುಳು ಇನ್ನೂ ಎಲೆಯ ಮೇಲಿದೆಯೆಂದು ಔಷಧ ಕೆಲಸ ಮಾಡಲಿಲ್ಲ ಎನ್ನಬಾರದು. ಹಾಳೆಯ ಮೇಲೆ ಹೊಸ ಹಿಕ್ಕೆ ಬೀಳುತ್ತಿದೆಯೇ ಎಂದು ನೋಡಿದರೆ ಗೊತ್ತಾಗುತ್ತದೆ. ಊರಿನಿಂದ ಬಂದಾಗ ಗಿಡದಲ್ಲಿ ಕಪ್ಪಾಗಿ ಜೋತುಬಿದ್ದ ಎಳೆಯ ಹುಳುಗಳಿದ್ದವು, ಎಲೆಗಳು ಉಳಿದಿದ್ದವು.

ಜೇನುನೊಣಕ್ಕೂ ಗುಲಗಂಜಿ ಹುಳುವಿಗೂ ಬಿ.ಟಿ.ಯಿಂದ ತೊಂದರೆಯಿಲ್ಲ, ಆದರೆ ಚಿಟ್ಟೆಯ ಹುಳು ಯಾವುದಾದರೂ ಸಾಯುತ್ತದೆ. ಆದ್ದರಿಂದ ಮೂಲೆಯ ಕುಂಡದ ಕಡೆ ಗಾಳಿ ಬೀಸುವಾಗ ಸಿಂಪಡಿಸುವುದಿಲ್ಲ. ಬಿಸಿಲು ಮತ್ತು ಮಳೆ ಎರಡೂ ಇದರ ಬಲವನ್ನು ಬೇಗ ಕಳೆಯುತ್ತವೆ, ಜೋರು ಮಳೆಯಾದರೆ ಮತ್ತೆ ಹಾಕಬೇಕು.

ಬರಿಯ ಸಾಬೂನು ನೀರು ಹಿಟ್ಟುತಿಗಣೆ, ಸಸ್ಯಹೇನುಗಳಿಗೆ ಆಗುತ್ತದೆ, ಈ ಹುಳುವಿಗೆ ಪ್ರಯೋಜನವಿಲ್ಲ. ಅಂಗಡಿಯವರು "ಒಂದೇ ಸಲಕ್ಕೆ ಹೋಗುತ್ತದೆ ಅಕ್ಕ" ಎಂದು ಕೊಡಲು ಬಂದ ರಾಸಾಯನಿಕವನ್ನು ನಾನು ಮುಟ್ಟಲಿಲ್ಲ. ಟೊಮೆಟೊ ಗಿಡದ ಎಲೆಯನ್ನು ನಾವು ತಿನ್ನುವುದಿಲ್ಲ, ಕರಿಬೇವಿನಲ್ಲಿ ಮದ್ದು ಬೀಳುವ ಎಲೆಯೇ ಒಗ್ಗರಣೆಗೆ ಹೋಗುವುದು.

ಜುಲೈ ಕೊನೆ

ಚಿಗುರು ಬಲಿತು ಕಡು ಹಸಿರಾಗಿದೆ, ಚಿಟ್ಟೆ ಬಂದರೂ ಮೊಟ್ಟೆ ಸಿಗುತ್ತಿಲ್ಲ. ಸಿಂಪಡಣೆ ಪೂರ್ತಿ ನಿಲ್ಲಿಸಿದ್ದೇನೆ. ಬೇವಿನ ಎಣ್ಣೆ ಹಾಕಿದ ರೆಂಬೆಗಳನ್ನು ಒಂದು ವಾರ ಬಿಟ್ಟು, ತೊಳೆದು ಬಳಸಿದೆವು. ಮೊದಲ ಕೊಯ್ಲಿನ ಎಲೆಗೆ ಎಣ್ಣೆಯ ಕಹಿ ಇರಲಿಲ್ಲ ಎಂದು ಅತ್ತೆ ಒಪ್ಪಿದರು.

ಮೂಲೆಯ ಕುಂಡದಲ್ಲಿ ಒಂದು ಹುಳು ಕಡ್ಡಿಗೆ ನಡುಪಟ್ಟಿಯಂತೆ ದಾರ ಕಟ್ಟಿಕೊಂಡು ಹಸಿರು ಕೋಶವಾಗಿದೆ. ಇನ್ನೊಂದನ್ನು ಹಕ್ಕಿ ಹೊತ್ತುಕೊಂಡು ಹೋಗಿರಬೇಕು.

ಪಕ್ಕದ ನಿಂಬೆಯಲ್ಲಿ ಎಲೆಗಳ ಮೇಲೆ ಬೆಳ್ಳಗೆ ಹಾವಾಡಿದಂತಹ ಗೆರೆಗಳು ಬಂದಿವೆ. ಅದು ಈ ಹುಳುವಲ್ಲ, ರಂಗೋಲಿ ಹುಳು. ಎಲೆಯ ಪದರದೊಳಗೆ ಇರುವುದರಿಂದ ಕೈಯಿಂದ ಆರಿಸಲಾಗದು, ಮೇಲೆ ಹಾಕಿದ ಬಿ.ಟಿ. ಒಳಗೆ ತಲುಪದು. ತೀರಾ ಮುರುಟಿದ ಚಿಗುರನ್ನಷ್ಟೇ ಚಿವುಟಿದ್ದೇನೆ.

ಮುಂದಿನ ಸಲ ಕರಿಬೇವು ಕತ್ತರಿಸಿದ ಕೂಡಲೇ, ಮೊಟ್ಟೆ ಇಡುವ ಮೊದಲೇ, ಹಳೆಯ ಸೊಳ್ಳೆ ಪರದೆಯನ್ನು ನಾಲ್ಕು ಬಿದಿರು ಕಡ್ಡಿಗಳ ಮೇಲೆ ಹೊದಿಸಿ ಕುಂಡದ ಕಂಠಕ್ಕೆ ಬಿಗಿದು ಕಟ್ಟುತ್ತೇನೆ. ಪರದೆ ಚಿಗುರಿಗೆ ತಾಗುತ್ತಿದ್ದರೆ ಚಿಟ್ಟೆ ಅದರ ಮೂಲಕವೇ ಮೊಟ್ಟೆ ಇಡಬಹುದು, ಆದ್ದರಿಂದ ಕಡ್ಡಿಗಳು ಗಿಡಕ್ಕಿಂತ ಒಂದು ಗೇಣು ಎತ್ತರವಿರಬೇಕು.