ಐಪಿಎಲ್ ರೇಟಿಂಗ್ ಪ್ರಾಜೆಕ್ಟ್: ಮೊದಲ ಎಂಟು ಮ್ಯಾಚನ್ನ ಎಷ್ಟು ನಂಬಬೇಕು

ಈ ವಾರ ಪ್ರಾಜೆಕ್ಟ್‌ನಲ್ಲಿ ಒಂದೇ ಒಂದು ನಂಬರ್ ಮೇಲೆ ಕೂತಿದ್ದೆ, ಅದು k. ಟೀಮಿನ ಶಕ್ತಿ ಅಂದಾಜು ಮಾಡೋ ಫಂಕ್ಷನ್ ಅಂತೂ ಎರಡೇ ಸಾಲು:

```
def shakti(gelu, aata, k=40):
    return (gelu + k/2) / (aata + k)
```

ಸೀಸನ್ ಶುರುವಾಗೋ ಮುಂಚೆನೇ ಪ್ರತಿ ಟೀಮಿಗೂ ಕಾಲ್ಪನಿಕವಾಗಿ k ಮ್ಯಾಚ್ ಆಡಿಸಿ ಅದ್ರಲ್ಲಿ ಅರ್ಧ ಗೆಲ್ಸಿ ಬಿಡೋದು, ಆಮೇಲೆ ನಿಜವಾದ ಮ್ಯಾಚುಗಳನ್ನ ಅದ್ರ ಮೇಲೆ ಸೇರಿಸ್ತಾ ಹೋಗೋದು. k ಸಣ್ಣದಿದ್ರೆ ನಾಲ್ಕು ಮ್ಯಾಚಿಗೆ ರೇಟಿಂಗ್ ಹಾರಾಡುತ್ತೆ, ದೊಡ್ಡದಿದ್ರೆ ಎಲ್ಲರೂ 50%ರ ಹತ್ರಾನೇ ಕೂತಿರ್ತಾರೆ. ಶ್ರಿಂಕೇಜ್ ಅಂದ್ರೆ ಇಷ್ಟೇ, ಕಂಡಿದ್ದನ್ನ ಸರಾಸರಿ ಕಡೆ ಎಳೆಯೋದು. ಆದ್ರೆ ಎಷ್ಟು ಎಳೀಬೇಕು ಅನ್ನೋದಕ್ಕೆ ಮನಸ್ಸಿಗೆ ಬಂದ ನಂಬರ್ ಹಾಕೋ ಹಾಗಿಲ್ಲ, ಅದನ್ನ ಡೇಟಾನೇ ಹೇಳ್ಬೇಕು.

ಟೆಸ್ಟ್ ಕೇಸ್ ಯಾವುದು ಅಂತ ಬೆಂಗಳೂರಿನವ್ರಿಗೆ ಕೇಳೋ ಅಗತ್ಯಾನೇ ಇಲ್ಲ. 2024ರಲ್ಲಿ ಆರ್‌ಸಿಬಿ ಮೊದಲ 8 ಮ್ಯಾಚಲ್ಲಿ ಗೆದ್ದಿದ್ದು 1, ಅದೂ ಪಂಜಾಬ್ ಮೇಲೆ. ಅದೇ ಹೊತ್ತಿಗೆ ರಾಜಸ್ಥಾನ ಮೊದಲ 9ರಲ್ಲಿ 8 ಗೆದ್ದು ಟೇಬಲ್ ಟಾಪ್‌ನಲ್ಲಿ ಕೂತಿತ್ತು. ನಮ್ಮ ಫ್ರೆಂಡ್ಸ್ ಗ್ರೂಪಲ್ಲಿ ಆಗ ಬರ್ತಿದ್ದ ಮೆಸೇಜ್ ಎಲ್ಲಾ ಎರಡೇ ಥರ, ಒಂದು "ಈ ಟೀಮನ್ನ ಮಾರ್ಬಿಡ್ರಪ್ಪ", ಇನ್ನೊಂದು "ಕಪ್ ರಾಜಸ್ಥಾನಕ್ಕೆ ಫಿಕ್ಸ್ ಕಣ್ರೋ". ಆಮೇಲೆ ಆಗಿದ್ದೇನು ಅಂತ ಎಲ್ಲರಿಗೂ ಗೊತ್ತು, ಆರ್‌ಸಿಬಿ ಉಳಿದ 6ಕ್ಕೆ 6 ಗೆದ್ದು ಪ್ಲೇಆಫ್‌ಗೆ ಹೋಯ್ತು, ರಾಜಸ್ಥಾನ ಉಳಿದ 5ರಲ್ಲಿ ನಾಲ್ಕು ಸತತವಾಗಿ ಸೋತು, ಕೊನೇದು ಮಳೇಲಿ ಕೊಚ್ಚಿ ಹೋಯ್ತು.

ಈಗ k ಹುಡುಕೋ ಕೆಲಸ. ಐಡಿಯಾ ಸಿಂಪಲ್. ಪಾಯಿಂಟ್ಸ್ ಟೇಬಲ್‌ನಲ್ಲಿ ಟೀಮುಗಳ ಗೆಲುವು ಒಂದಕ್ಕಿಂತ ಒಂದು ಬೇರೆ ಬೇರೆ ಇರೋದಕ್ಕೆ ಎರಡು ಕಾರಣ, ಒಂದು ನಿಜವಾದ ಶಕ್ತಿ ವ್ಯತ್ಯಾಸ, ಇನ್ನೊಂದು ಬರೀ ಅದೃಷ್ಟ. ಅದೃಷ್ಟದ ಪಾಲು ಎಷ್ಟಿರ್ಬೇಕು ಅಂತ ಲೆಕ್ಕ ಹಾಕೋಕೆ ಬರುತ್ತೆ, ಯಾಕಂದ್ರೆ ಹತ್ತೂ ಟೀಮು ಪಕ್ಕಾ ಸಮ ಇದ್ದು ಪ್ರತಿ ಮ್ಯಾಚೂ ಟಾಸ್ ಥರ ತೀರ್ಮಾನ ಆದ್ರೂ ಟೇಬಲ್ ಹರಡ್ಕೊಳ್ಳುತ್ತೆ. 14 ಮ್ಯಾಚಿಗೆ ಸರಾಸರಿ 7 ಗೆಲುವು. ಪ್ರತಿ ಟೀಮು 7ರಿಂದ ಎಷ್ಟು ದೂರ ಇದೆ ಅಂತ ನೋಡಿ, ಅದರ ವರ್ಗ ಮಾಡಿ, ಹತ್ತೂ ಟೀಮಿಂದ ಕೂಡಿಸ್ಬೇಕು. ಬರೀ ಟಾಸ್ ಆಗಿದ್ರೆ ಫಲಿತಾಂಶ ಬಂದ ಪ್ರತಿ ಮ್ಯಾಚೂ ಈ ಮೊತ್ತಕ್ಕೆ ಸರಾಸರಿ ಅರ್ಧ ಸೇರಿಸುತ್ತೆ, ಹಾಗಾಗಿ ಲೀಗ್ ಹಂತದ 70 ಮ್ಯಾಚಿಗೆ 35. ಮಳೆಗೆ ಹೋದ ಮ್ಯಾಚನ್ನ ನಾನು ಎರಡೂ ಕಡೆಗೆ ಅರ್ಧರ್ಧ ಗೆಲುವು ಅಂತ ಇಟ್ಕೊಂಡೆ.

2024ರ ಟೇಬಲ್ ತಗೊಳ್ಳಿ. ಕೆಕೆಆರ್ 20 ಪಾಯಿಂಟ್, ಹೈದರಾಬಾದ್ ಮತ್ತು ರಾಜಸ್ಥಾನ 17, ಆಮೇಲೆ ಆರ್‌ಸಿಬಿ, ಚೆನ್ನೈ, ಡೆಲ್ಲಿ, ಲಕ್ನೋ ನಾಲ್ಕೂ 14, ಗುಜರಾತ್ 12, ಪಂಜಾಬ್ 10, ಮುಂಬೈ 8. ಎರಡರಿಂದ ಭಾಗಿಸಿದ್ರೆ ಗೆಲುವಿನ ಲೆಕ್ಕ ಬಂತು. 7ರಿಂದ ದೂರ: ಕೆಕೆಆರ್ 3, ಅದರ ವರ್ಗ 9. ಹೈದರಾಬಾದು, ರಾಜಸ್ಥಾನ ಒಂದೂವರೆ, ತಲಾ 2.25. ನಾಲ್ಕು ಟೀಮು ಸೊನ್ನೆ. ಗುಜರಾತಿನ ವರ್ಗ 1, ಪಂಜಾಬಿಂದು 4, ಮುಂಬೈದು 9. ಒಟ್ಟು 27.5. ಆ ವರ್ಷ ಮೂರು ಮ್ಯಾಚ್ ರದ್ದಾಗಿದ್ರಿಂದ ಟಾಸ್ ಲೆಕ್ಕದಲ್ಲಿ ಬರ್ಬೇಕಿದ್ದಿದ್ದು 33.5. ಅಂದ್ರೆ ನಿಜವಾದ ಐಪಿಎಲ್ ಟೇಬಲ್ಲು ನಾಣ್ಯ ಚಿಮ್ಮಿಸಿ ಮಾಡಿದ ಟೇಬಲ್‌ಗಿಂತ ಕಮ್ಮಿ ಹರಡ್ಕೊಂಡಿದೆ!

ಒಂದೇ ಸೀಸನ್ ನೋಡಿ ತೀರ್ಮಾನ ಮಾಡಿದ್ರೆ ಅದೂ ಸಣ್ಣ ಸ್ಯಾಂಪಲ್ಲೇ ಅಲ್ವಾ, ಅದಕ್ಕೆ ಹತ್ತು ಟೀಮ್ ಆದ್ಮೇಲಿನ ನಾಲ್ಕು ಸೀಸನ್ ಹಾಕಿದೆ. 2022ಕ್ಕೆ 38, 2023ಕ್ಕೆ 29.5, 2024ಕ್ಕೆ 27.5, 2025ಕ್ಕೆ ಮತ್ತೆ 38. ಒಟ್ಟು 133. ಬರೀ ಅದೃಷ್ಟ ಆಗಿದ್ರೆ ನಿರೀಕ್ಷೆ 136.5. ಒಟ್ಟಿನಿಂದ ಅದೃಷ್ಟದ ಪಾಲು ಕಳೆದ್ರೆ ಶಕ್ತಿ ವ್ಯತ್ಯಾಸಕ್ಕೆ ಉಳಿಯೋ ಪಾಲು ಸೊನ್ನೆಗಿಂತ ಕೆಳಗೆ, ಅಂದ್ರೆ k ಅನಂತ. ಆದ್ರೆ ಎಲ್ಲಾ ಟೀಮೂ ಒಂದೇ ಅಂತ ಇದರ ಅರ್ಥ ಅಲ್ಲ, ಯಾಕಂದ್ರೆ 133 ಅನ್ನೋ ನಂಬರಿಗೂ ಅದೃಷ್ಟದ ಅಲುಗಾಟ ಇದೆ. ಅದಕ್ಕೆ ಪ್ರಶ್ನೇನ ತಿರುಗಿಸಿ ಕೇಳಿದೆ, k ಎಷ್ಟು ಸಣ್ಣದಾಗಿದ್ರೂ ಈ ಡೇಟಾ ಒಪ್ಕೊಳ್ಳುತ್ತೆ? k 14 ಆಗಿದ್ರೆ, ಅಂದ್ರೆ ಒಂದು ಪೂರ್ತಿ ಸೀಸನ್ನಿಗೆ ಅರ್ಧ ಶಕ್ತಿ ಅರ್ಧ ಅದೃಷ್ಟ ಅನ್ನೋ ಹಾಗಿದ್ರೆ, ಮೊತ್ತ 136.5ರ ಎರಡರಷ್ಟು, 273ರ ಹತ್ರ ಬರ್ಬೇಕಿತ್ತು, ಸಾಧ್ಯಾನೇ ಇಲ್ಲ. k 28 ಇದ್ರೆ 133 ಅಥವಾ ಅದಕ್ಕಿಂತ ಕಮ್ಮಿ ಬರೋ ಚಾನ್ಸ್ ಸುಮಾರು 20ಕ್ಕೆ 1. ಹಾಗಾಗಿ 28 ಅನ್ನೋದು ಕೆಳಗಿನ ಗಡಿ, ನಾನು 40 ಇಟ್ಕೊಂಡಿದ್ದೀನಿ. 40 ಅಂದ್ರೆ ಬಹುಪಾಲು ಟೀಮುಗಳ ನಿಜವಾದ ಶಕ್ತಿ 42%ರಿಂದ 58%ರ ಒಳಗೆ ಇರುತ್ತೆ ಅಂತ. ಆಕ್ಷನ್ ಪರ್ಸ್ ಎಲ್ಲರಿಗೂ ಒಂದೇ, ರೀಟೆನ್ಷನ್‌ಗೂ ಮಿತಿ, ಮೇಲೆ 20 ಓವರಿನ ಆಟ, ಇದಕ್ಕಿಂತ ಜಾಸ್ತಿ ಅಂತರ ಇರೋಕೆ ಕಾರಣಾನೂ ಕಾಣಲ್ಲ.

ಈಗ ಆ 8 ಮ್ಯಾಚಿನ ಆರ್‌ಸಿಬಿನ ಫಂಕ್ಷನ್‌ಗೆ ಹಾಕಿ. (1+20)/(8+40), 43.75%. ಟೇಬಲ್ ಹೇಳೋದು 12.5%. ರಾಜಸ್ಥಾನ (8+20)/(9+40), ಸುಮಾರು 57%, ಟೇಬಲ್ ಹೇಳೋದು 89%. ನೋಡಿ, ಒಂದು ಟೀಮ್ ತಳದಲ್ಲಿ, ಇನ್ನೊಂದು ತುದೀಲಿ, ಮಾಡೆಲ್ ಪ್ರಕಾರ ಇಬ್ಬರ ಮಧ್ಯೆ ಇರೋದು ಹದಿಮೂರು ಚಿಲ್ಲರೆ ಪರ್ಸೆಂಟ್ ಅಷ್ಟೇ. ಇದನ್ನ ಏಪ್ರಿಲ್ ತಿಂಗಳಲ್ಲಿ ಯಾರಿಗಾದ್ರೂ ಹೇಳಿದ್ರೆ ನಗ್ತಿದ್ರು.

ಮಾಡೆಲ್ಲು ಆರಕ್ಕಾರು ಗೆಲುವನ್ನ ಮೊದಲೇ ಹೇಳ್ತಾ? ಇಲ್ಲ. 43.75% ಟೀಮು ಸತತ ಆರು ಗೆಲ್ಲೋ ಚಾನ್ಸ್ 140ಕ್ಕೆ 1ರ ಆಸುಪಾಸು, ಅದು ಹೇಳಿದ್ದು ಉಳಿದ 6ರಲ್ಲಿ ಎರಡೂವರೆ ಗೆಲುವು ಅಂತ. ಆದ್ರೆ 12.5% ಅನ್ನೋದನ್ನ ನಂಬಿದವನಿಗೆ ಅದೇ ಆರು ಗೆಲುವು ಎರಡೂವರೆ ಲಕ್ಷಕ್ಕೆ ಒಂದು ಅನ್ನೋ ಪವಾಡ. ರಾಜಸ್ಥಾನದ ನಾಲ್ಕು ಸೋಲು ಮಾಡೆಲ್‌ಗೆ 30ಕ್ಕೆ 1, ಟೇಬಲ್ ನಂಬಿದವರಿಗೆ 6,561ಕ್ಕೆ 1. ಕೆಟ್ಟ ಅಂದಾಜು ಅಂತ ಪತ್ತೆ ಆಗೋದು ಹೀಗೇನೆ, ನಿಮ್ಮ ನಂಬರ್ ಪ್ರಕಾರ ಪ್ರತಿ ವರ್ಷಾನೂ ಒಂದೊಂದು ಪವಾಡ ನಡೀತಿದ್ರೆ ತಪ್ಪಿರೋದು ನಂಬರ್ರೇ.

2025ಕ್ಕೂ ಓಡಿಸಿದೆ. ಡೆಲ್ಲಿ ಮೊದಲ ನಾಲ್ಕೂ ಗೆದ್ದಿತ್ತು, ಮಾಡೆಲ್ ಪ್ರಕಾರ 54.5%. ಆಮೇಲೆ ಫಲಿತಾಂಶ ಬಂದ 9ರಲ್ಲಿ ಮೂರೇ ಗೆದ್ದು ಐದನೇ ಸ್ಥಾನಕ್ಕೆ ನಿಂತ್ರು, ಮಾಡೆಲ್ ಹೇಳಿದ್ದು ಐದು. ಮುಂಬೈ ಮೊದಲ 5ರಲ್ಲಿ 1 ಗೆದ್ದು ಉಳಿದ 9ರಲ್ಲಿ 7 ಗೆದ್ರು, ಮಾಡೆಲ್ ಹೇಳಿದ್ದು ನಾಲ್ಕು ಚಿಲ್ಲರೆ. ಚೆನ್ನೈ ಮೊದಲ 6ರಲ್ಲಿ 1, ಉಳಿದ 8ರಲ್ಲಿ 3, ಇಲ್ಲಿ ಮಾಡೆಲ್ ಮೂರೂವರೆ ದಾಟಿ ಹೇಳಿತ್ತು, ಅಂದ್ರೆ ಚೆನ್ನೈ ಎದ್ದೇಳಲೇ ಇಲ್ಲ, ಕೊನೇ ಸ್ಥಾನಾನೇ ಆಯ್ತು. ಇವೆಲ್ಲಾ ವಿಪರೀತದ ಕೇಸುಗಳನ್ನೇ ಆರಿಸಿಕೊಂಡಿರೋದು ಅನ್ನೋದು ನೆನಪಿರ್ಲಿ, ಮಧ್ಯದಲ್ಲಿರೋ ಟೀಮುಗಳಿಗೆ ಎರಡೂ ಲೆಕ್ಕ ಹೆಚ್ಚುಕಮ್ಮಿ ಒಂದೇ ಬರುತ್ತೆ.

ಒಂದೊಂದು ಟೀಮಿಗೆ ಶ್ರಿಂಕೇಜ್ ತಪ್ಪಬಹುದು, ಒಟ್ಟು ಲೆಕ್ಕದಲ್ಲಿ ಗೆಲ್ಲುತ್ತೆ, ಇದು ಹಳೇ ವಿಷಯ. 1970ರ ಅಮೆರಿಕನ್ ಬೇಸ್‌ಬಾಲ್‌ನ 18 ಆಟಗಾರರ ಮೊದಲ 45 ಸರದಿ ತಗೊಂಡು ಎಫ್ರಾನ್ ಮತ್ತು ಮಾರಿಸ್ ಮಾಡಿದ ಲೆಕ್ಕ ಸ್ಟ್ಯಾಟಿಸ್ಟಿಕ್ಸ್ ಓದಿದವ್ರಿಗೆ ಗೊತ್ತಿರುತ್ತೆ. ಅದರಲ್ಲಿ ರಾಬರ್ಟೊ ಕ್ಲೆಮೆಂಟೆ .400ರಲ್ಲಿದ್ದ, ಅಂದ್ರೆ 100 ಸರದಿಗೆ 40 ಹಿಟ್‌ನ ಲೆಕ್ಕ, ಶ್ರಿಂಕ್ ಮಾಡಿದ್ರೆ .290, ಉಳಿದ ಸೀಸನ್‌ನಲ್ಲಿ ಆತ ಹೊಡೆದಿದ್ದು .346. ನಿಜವಾಗ್ಲೂ ದೊಡ್ಡ ಆಟಗಾರನನ್ನ ಅದು ಜಾಸ್ತಿನೇ ಕೆಳಗೆಳೀತು. ಆದ್ರೂ 18 ಜನರ ಒಟ್ಟು ವರ್ಗದ ತಪ್ಪು ಮೂರೂವರೆ ಪಟ್ಟು ಕಮ್ಮಿ ಆಯ್ತು.

ಇನ್ನೊಂದು ಪ್ರಶ್ನೆ, ಎಲ್ಲರನ್ನೂ 50% ಕಡೆಗೇ ಯಾಕೆ ಎಳೀಬೇಕು, ಹೋದ ವರ್ಷದ ಫಾರ್ಮ್ ಕಡೆ ಎಳೀಬಾರ್ದಾ? ಇದೂ ನೋಡಿದೆ. ಒಂದು ಸೀಸನ್ನಿನ ಗೆಲುವಿಗೂ ಮುಂದಿನದಕ್ಕೂ ಇರೋ ಸಂಬಂಧ, ಅಂದ್ರೆ ಕೋರಿಲೇಷನ್, 2022ರಿಂದ 2023ಕ್ಕೆ 0.25, 2023ರಿಂದ 2024ಕ್ಕೆ −0.40, 2024ರಿಂದ 2025ಕ್ಕೆ −0.56. 2024ರ ಚಾಂಪಿಯನ್ ಕೆಕೆಆರ್ 2025ರಲ್ಲಿ ಎಂಟನೇದು, ಕೊನೇಲಿದ್ದ ಮುಂಬೈ ನಾಲ್ಕನೇದು. ಮೈನಸ್ ನೋಡಿ "ಹೋದ ವರ್ಷ ಸೋತವರಿಗೆ ಜಾಸ್ತಿ ರೇಟಿಂಗ್ ಕೊಡೋಣ" ಅನ್ನೋ ಆಸೆ ಬರುತ್ತೆ, ಆದ್ರೆ ಹತ್ತು ಟೀಮಿನ ಕೋರಿಲೇಷನ್ ಬರೀ ಅದೃಷ್ಟದಿಂದಾನೇ ಇಷ್ಟು ಅಲ್ಲಾಡುತ್ತೆ, ಅದಲ್ಲದೆ 2025ಕ್ಕೆ ಮುಂಚೆ ಮೆಗಾ ಆಕ್ಷನ್ ಆಗಿ ಟೀಮುಗಳೇ ಬೇರೆ ಆಗಿದ್ವು. ಸದ್ಯಕ್ಕೆ ಎಲ್ಲರೂ 50%ರಿಂದಾನೇ ಶುರು.

ಮಾಡೆಲ್‌ಗೆ ಕಾಣದೇ ಇರೋದೂ ಇದೆ. 2024ರ ಆರ್‌ಸಿಬಿ ಎರಡನೇ ಅರ್ಧದಲ್ಲಿ ಆಡಿಸಿದ್ದು ಅದೇ ಹನ್ನೊಂದಲ್ಲ, ಸ್ವಪ್ನಿಲ್ ಸಿಂಗ್ ಬಂದ, ಅಹಮದಾಬಾದಲ್ಲಿ ವಿಲ್ ಜ್ಯಾಕ್ಸ್ 41 ಬಾಲಿಗೆ ಸೆಂಚುರಿ ಹೊಡೆದ. ಟೀಮ್ ನಿಜವಾಗ್ಲೂ ಬದಲಾದಾಗ ಹಳೇ ಮ್ಯಾಚುಗಳ ತೂಕ ಕಮ್ಮಿ ಮಾಡ್ಬೇಕು, ಆದ್ರೆ ಯಾವಾಗ ಬದಲಾಯ್ತು ಅಂತ ಗೆದ್ದ ಮೇಲೆ ಹೇಳೋದು ಸುಲಭ, ಅದಕ್ಕೆ ಈ ಗುಂಡಿನ ನಾನಿನ್ನೂ ಒತ್ತಿಲ್ಲ.

ಮುಂದಿನ ಕೆಲಸ ಗೆಲುವಿನ ಅಂತರ ಸೇರಿಸೋದು. ಬರೀ ಗೆಲುವು ಸೋಲು ಎಣಿಸಿದ್ರೆ 2024ರಲ್ಲಿ ಆರ್‌ಸಿಬಿ ಈಡನ್‌ನಲ್ಲಿ ಕೆಕೆಆರ್ ಮೇಲೆ 1 ರನ್ನಿಂದ ಸೋತಿದ್ದೂ ಪೂರ್ತಿ ಸೋಲೇ, ಹೈದರಾಬಾದಿನ 287ಕ್ಕೆ 262 ಹೊಡೆದು ಸೋತಿದ್ದೂ ಅಷ್ಟೇ ಸೋಲು. ಅಂತರದಲ್ಲಿ ಮಾಹಿತಿ ಜಾಸ್ತಿ ಇರೋದ್ರಿಂದ ಅಲ್ಲಿ k ಸಣ್ಣದಾಗ್ಬೇಕು. ಹಾಗಂತ ನೆಟ್ ರನ್ ರೇಟನ್ನ ಸೀದಾ ಎತ್ತಿ ಹಾಕೋಕಾಗಲ್ಲ. ಅದೇ 2024ರಲ್ಲಿ ಹೈದರಾಬಾದ್ ಲಕ್ನೋ ಮೇಲೆ 166ರ ಟಾರ್ಗೆಟ್ಟನ್ನ ವಿಕೆಟ್ ಕಳ್ಕೊಳ್ಳದೆ 9.4 ಓವರಲ್ಲಿ ಮುಗಿಸಿತ್ತು, ಇಂಥದ್ದೊಂದು ಮ್ಯಾಚು ಲಕ್ನೋದ ಪೂರ್ತಿ ಸೀಸನ್ನಿನ ರನ್ ರೇಟನ್ನ ಕೆಳಗೆ ಎಳ್ಕೊಂಡು ಹೋಗುತ್ತೆ. ಪ್ರತಿ ಮ್ಯಾಚಿನ ಅಂತರಕ್ಕೂ ಒಂದು ಮಿತಿ ಇಟ್ಟು, ಚೇಸ್ ಮಾಡಿ ಗೆದ್ದವರ ವಿಕೆಟ್ಟು ಮತ್ತು ಉಳಿದ ಬಾಲುಗಳನ್ನ ರನ್ನಿಗೆ ಬದಲಾಯಿಸೋ ಕೋಡ್ ಅರ್ಧ ಆಗಿದೆ. ಡಿಎಲ್ಎಸ್ ಮ್ಯಾಚುಗಳನ್ನ ಸದ್ಯಕ್ಕೆ ಹೊರಗಿಟ್ಟಿದ್ದೀನಿ.