3:20ಕ್ಕೆ ನಾನೇ ಕಟ್ಟಿದ ಪ್ರೀಮಿಯಂ

ದಾವಣಗೆರೆಯಲ್ಲಿ ವಿಮೆ ಏಜೆಂಟ್ ಆಗಿ ಒಂಬತ್ತು ವರ್ಷ ಆಯ್ತು. ಎರಡು ವರ್ಷದ ಹಿಂದೆ, ಮನೆ ಸಾಲ ಬೇಗ ತೀರಿಸಬೇಕು ಅಂತ, ವರ್ಷಕ್ಕೆ 72 ಪಾಲಿಸಿ ಮಾಡುವ ಹಟ ಹಿಡಿದೆ. ತಿಂಗಳಿಗೆ ಆರು. ಲೆಕ್ಕ ಸುಲಭ, ಅಲ್ವಾ?

ಸೆಪ್ಟೆಂಬರ್ 30. ಆ ತಿಂಗಳು ಐದು ಪಾಲಿಸಿ ಆಗಿತ್ತು. ಕ್ಯಾಶ್ ಕೌಂಟರ್ ಮುಚ್ಚೋದು 3:30ಕ್ಕೆ, ಆಗ 3:20. ನಮ್ಮ ಡೆವಲಪ್‌ಮೆಂಟ್ ಆಫೀಸರ್, ಅಂದರೆ ಡಿ.ಒ. ಸಾಹೇಬರು, ಗ್ರೂಪಿನಲ್ಲಿ ಎಲ್ಲರ ತಿಂಗಳ ಕ್ಲೋಸಿಂಗ್ ಲೆಕ್ಕ ಹಾಕ್ತಾ ಇದ್ದರು. ಮಂಡಕ್ಕಿ ಭಟ್ಟಿಯ ಒಬ್ಬರು ಹಿಂದಿನ ವಾರ ಫಾರಂಗೆ ಸಹಿ ಹಾಕಿ, "ದುಡ್ಡು ನೋಡಾಣ" ಅಂದಿದ್ದರು. ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ. ಕೌಂಟರಿನವರು ಗಡಿಯಾರ ನೋಡಿದರು. ನನ್ನ ಜೇಬಿಂದಲೇ 4,200 ರೂಪಾಯಿ ತೆಗೆದು ಕಟ್ಟಿಬಿಟ್ಟೆ. ಆರು ಆಯ್ತು! ಗ್ರೂಪಿನಲ್ಲಿ ಚಪ್ಪಾಳೆ ಬಂತು.

ಗಿರಾಕಿಗೆ ಹೀಗೆ ರಿಯಾಯಿತಿ ಕೊಡೋದು ವಿಮಾ ಕಾಯ್ದೆಯ 41ನೇ ಕಲಂ ಪ್ರಕಾರ ತಪ್ಪು. ಗೊತ್ತಿದ್ದೂ ಮಾಡಿದೆ. ಮೂರು ತಿಂಗಳಿಗೊಮ್ಮೆ ಕಟ್ಟುವ ಕಂತು, ಮುಂದಿನದು ಡಿಸೆಂಬರ್ ಕೊನೆಗೆ ಬಂತು. ಕೇಳಲು ಹೋದರೆ, "ನಾ ಎಲ್ಲಿ ಕಟ್ಟು ಅಂದೆ ಅಣ್ಣ? ನೀವೇ ಕಟ್ಟಿದ್ರಿ, ನೀವೇ ನೋಡ್ಕಳ್ಳಿ" ಅಂದರು. 30 ದಿನದ ಗ್ರೇಸ್ ಮುಗಿದು ಪಾಲಿಸಿ ಲ್ಯಾಪ್ಸ್. ಆ ವರ್ಷ ಇಂಥವು ನಾಲ್ಕು.

ಆಮೇಲೆ ಹಳೆಯ ಡೈರಿ ತೆಗೆದು ಕೂತೆ. ಸುಮಾರು ಐದು ಭೇಟಿಗೆ ಒಂದು ಪಾಲಿಸಿ ಆಗಿತ್ತು. 72ಕ್ಕೆ 360 ಭೇಟಿ. ಹಬ್ಬ, ಮದುವೆ, ಜ್ವರ ಬಿಟ್ಟರೆ ಕೆಲಸಕ್ಕೆ ಸಿಗೋದು 48 ವಾರ. ಅಂದರೆ ವಾರಕ್ಕೆ ಎಂಟು ಭೇಟಿ ಸಾಕು. ಪಾಲಿಸಿ ಕೊಡೋದು ಬಿಡೋದು ಅವರ ಕೈಯಲ್ಲಿ. ಎಂಟು ಮನೆ ಹತ್ತೋದು ನನ್ನ ಕೈಯಲ್ಲಿ. ಶನಿವಾರ ಸಂಜೆಗೆ ಆರು ಭೇಟಿ ಮಾತ್ರ ಆಗಿದ್ದರೆ, ಎಲ್ಲಿ ಸೋಮಾರಿತನ ಮಾಡಿದೆ ಅಂತ ಅವತ್ತೇ ಗೊತ್ತಾಗುತ್ತೆ. ತಿಂಗಳ ಕೊನೆಯ "ಒಂದು ಕಡಿಮೆ" ಅನ್ನೋದು ಅದನ್ನು ಹೇಳೋದೇ ಇಲ್ಲ, ಸುಮ್ನೆ ಹೆದರಿಸುತ್ತೆ.

ಇದರಲ್ಲೂ ಕಳ್ಳಾಟ ಇದೆ. ಮೊದಲ ವಾರ ಗೆಳೆಯನ ಜೊತೆ ಟೀ ಕುಡಿದದ್ದನ್ನೂ ಭೇಟಿ ಅಂತ ಬರೆದಿದ್ದೆ! ಈಗ, ಕೂತು ವಯಸ್ಸು, ಕಂತು ಎರಡೂ ಮಾತಾಡಿ, ಮತ್ತೆ ಬರುವ ದಿನ ಗೊತ್ತು ಮಾಡಿಕೊಂಡರೆ ಮಾತ್ರ ಒಂದು.

ಜುಲೈಯಲ್ಲಿ ವಾರಕ್ಕೆ ಎಂಟು ತಪ್ಪದೆ ಮಾಡಿಯೂ ಒಂದೂ ಪಾಲಿಸಿ ಇಲ್ಲ. ಹಳೆಯ ನಾನಾಗಿದ್ದರೆ ಮತ್ತೆ ಜೇಬಿಗೆ ಕೈ ಹಾಕುತ್ತಿದ್ದೆ. ಡೈರಿ ತಿರುವಿದರೆ ಜಾಸ್ತಿ ಭೇಟಿ ಜಗಳೂರು ಕಡೆಯವು. ಮೆಕ್ಕೆಜೋಳ ಬಿತ್ತಿ, ಬೀಜ ಗೊಬ್ಬರಕ್ಕೆ ದುಡ್ಡು ಸುರಿದು ಕೂತವರು. ಎಂಟು ಅನ್ನೋದನ್ನು ಬದಲಿಸಲಿಲ್ಲ, ಊರು ಬದಲಿಸಿದೆ. ಸಂಬಳದವರ ಮನೆಗೆ ಹೋದೆ, ಜಗಳೂರಿನವರಿಗೆ ಕೊಯ್ಲಾದ ಮೇಲಿನ ದಿನ ಬರೆದುಕೊಂಡೆ. ಎರಡು ತಿಂಗಳಿಗೊಮ್ಮೆ ಹೀಗೆ ನೋಡದಿದ್ದರೆ ಬರೀ ಓಡಾಟ, ಪೆಟ್ರೋಲ್ ದಂಡ.

ಈ ಹೊಸ ಲೆಕ್ಕದ ವರ್ಷದ ಕೊನೆಗೆ 72 ಆಗಲಿಲ್ಲ, 61. ಲ್ಯಾಪ್ಸ್ ಆದದ್ದು ಒಂದೇ. ಡಿ.ಒ. ಸಾಹೇಬರ ಬೋರ್ಡಿನಲ್ಲಿ ಈಗಲೂ ತಿಂಗಳ ನಂಬರೇ ಇದೆ, ಭೇಟಿಗೆ ಕಾಲಂ ಇಲ್ಲ.

ಆ ಭಟ್ಟಿ ಮುಂದೆ ಹೋಗುವಾಗ ನಾನಿನ್ನೂ ಹೆಲ್ಮೆಟ್ ಗಾಜು ಇಳಿಸಿಕೊಳ್ಳುತ್ತೇನೆ.