ಅರವತ್ತನೇ ದಿನ ಯಾವುದು?

2025ರ ಆಗಸ್ಟ್ 4, ಸೋಮವಾರ. ಸಂಜೆ ಆರೂವರೆಗೆ ರಾಜೀನಾಮೆ ಮೇಲ್ ಕಳಿಸಿ, ಮೇಜಿನ ಮೇಲಿದ್ದ ಕ್ಯಾಲೆಂಡರ್ ಹಿಡಿದು ಕೂತೆ. ನನ್ನ ನೋಟಿಸ್ ಪೀರಿಯಡ್ 60 ದಿನ. ಅವತ್ತನ್ನೇ ಒಂದನೇ ದಿನ ಅಂತ ಎಣಿಸಿದೆ. ಅರವತ್ತನೇ ದಿನ ಅಕ್ಟೋಬರ್ 2ಕ್ಕೆ ಬಂತು. ಗಾಂಧಿ ಜಯಂತಿ, ಆ ವರ್ಷ ವಿಜಯದಶಮಿಯೂ ಅದೇ ದಿನ. ಹಿಂದಿನ ದಿನ ಆಯುಧಪೂಜೆ, ಅದೂ ರಜೆ. ಹಾಗಾದ್ರೆ ಸೆಪ್ಟೆಂಬರ್ 30ಕ್ಕೆ ಆಫೀಸಿನ ಋಣ ಮುಗಿಯಿತು ಅಂದುಕೊಂಡೆ. ಹಬ್ಬ ಮುಗಿಸಿ 3ನೇ ತಾರೀಖು ಶುಕ್ರವಾರ ಸೇರ್ತೀನಿ ಅಂತ ಹೊಸ ಕಂಪನಿಗೆ ಬರೆದೂಬಿಟ್ಟೆ. ದಸರಾ ಮಾರನೇ ದಿನ ಹೊಸ ಕೆಲಸ ಅಂದ್ರೆ ಅಮ್ಮನಿಗೂ ಖುಷಿ.

ಮರುದಿನ ಊಟದ ಹೊತ್ತಲ್ಲಿ ಅಕೌಂಟ್ಸ್‌ನ ಗೆಳೆಯನಿಗೆ ಹೇಳಿದೆ. ಅವನಿಗೆ ಎಕ್ಸೆಲ್ ಅಂದ್ರೆ ಪ್ರಾಣ. "ತಾಳು ಮಾರಾಯ" ಅಂತ ಹಾಳೆ ತೆರೆದ. A2ರಲ್ಲಿ ಆಗಸ್ಟ್ 4, H ಕಾಲಮ್ಮಿನಲ್ಲಿ ನಮ್ಮ ಆಫೀಸಿನ ರಜೆಗಳು: ಆಗಸ್ಟ್ 15, ಗಣೇಶ ಚೌತಿಯ 27, ಅಕ್ಟೋಬರ್ 1 ಮತ್ತು 2, ದೀಪಾವಳಿಯ 20 ಮತ್ತು 22, ನವೆಂಬರ್ 1. ಆಮೇಲೆ ಇದನ್ನು ಹೊಡೆದ:

```
=WORKDAY(A2,60,H2:H8)
```

ಉತ್ತರ ನವೆಂಬರ್ 4! ನನ್ನ ಕೈಯಲ್ಲಿದ್ದ ಚಪಾತಿ ಹಾಗೇ ನಿಂತಿತು.

ಅವನ ಸೂತ್ರದಲ್ಲಿ ತಪ್ಪಿರಲಿಲ್ಲ. WORKDAY ಶನಿವಾರ, ಭಾನುವಾರ, ಪಟ್ಟಿಯಲ್ಲಿರುವ ರಜೆ ಎಲ್ಲವನ್ನೂ ಬಿಟ್ಟು ಎಣಿಸುತ್ತದೆ. 60 ಕೆಲಸದ ದಿನ ಅಂದ್ರೆ ಬರೀ ವಾರಗಳ ಲೆಕ್ಕದಲ್ಲೇ 12 ವಾರ, ಅಂದರೆ ಅಕ್ಟೋಬರ್ 27. ಅದರ ಮೇಲೆ ಆರು ರಜೆಗಳಿಗೆ ಇನ್ನೂ ಆರು ಕೆಲಸದ ದಿನ. ರಾಜ್ಯೋತ್ಸವ ಆ ಸಲ ಶನಿವಾರವೇ ಬಿದ್ದಿದ್ದರಿಂದ ಲೆಕ್ಕಕ್ಕೆ ಬರಲಿಲ್ಲ. (ಶನಿವಾರ ಬಂದ ರಜೆಯ ಹೊಟ್ಟೆಕಿಚ್ಚು ಬೇರೆಯೇ ಕಥೆ ಬಿಡಿ.) ತಪ್ಪಿದ್ದದ್ದು ಪ್ರಶ್ನೆಯಲ್ಲಿ. ನನ್ನ ನೇಮಕಾತಿ ಪತ್ರದಲ್ಲಿ 60 'ಕೆಲಸದ ದಿನ' ಅಂತ ಇದೆಯಾ?

ರಾತ್ರಿ ಮನೆಯಲ್ಲಿ ಹಳೇ ಫೈಲ್ ಹುಡುಕಿ ಪತ್ರ ತೆಗೆದೆ. ಬರೀ '60 ದಿನ' ಅಂತಿತ್ತು. ಭಾನುವಾರ, ಹಬ್ಬ ಎಲ್ಲ ಸೇರಿಯೇ ಅರವತ್ತು. ಸದ್ಯ, ನವೆಂಬರ್ ತಪ್ಪಿತು. ನನ್ನ ಸೆಪ್ಟೆಂಬರ್ 30 ಸರಿ ಅಂತ ನಿದ್ದೆ ಮಾಡಿದೆ.

ಬುಧವಾರ ಎಚ್‌ಆರ್ ಮೇಡಂ ಹತ್ತಿರ ಹೋದೆ. ಅವರು ಪರದೆ ನನ್ನ ಕಡೆ ತಿರುಗಿಸಿದರು. ಕೊನೆಯ ದಿನ ಅಕ್ಟೋಬರ್ 3 ಅಂತಿತ್ತು.

"ರಾಜೀನಾಮೆ ಕೊಟ್ಟ ದಿನ ನಾವು ಎಣಿಸಲ್ಲ ಸರ್. ಮಾರನೇ ದಿನದಿಂದ ಒಂದು. A2+60, ಅಷ್ಟೇ."

ನಾನು ಲೆಕ್ಕ ಹಾಕಿದ್ದು A2+59. ಒಂದೇ ದಿನದ ವ್ಯತ್ಯಾಸ. ಆದರೆ ಆ ಒಂದು ದಿನ ಎರಡು ರಜೆಗಳನ್ನು ದಾಟಿ ಹೋಗಿತ್ತು. ಹಾಗಾಗಿ ಆಫೀಸಿಗೆ ಬರಬೇಕಾದ ಕೊನೆಯ ದಿನ ಸೆಪ್ಟೆಂಬರ್ 30 ಹೋಗಿ ಅಕ್ಟೋಬರ್ 3 ಆಯಿತು. ಹೊಸ ಕಡೆ ಸೇರ್ತೀನಿ ಅಂದಿದ್ದ ದಿನವೂ ಅದೇ! ಒಂದೇ ದಿನ ಎರಡು ಕಡೆ ನೌಕರಿ ಅಂತ ದಾಖಲೆಯಾದರೆ ಮುಂದೆ ಪಿಎಫ್ ವರ್ಗಾವಣೆಯಲ್ಲಿ ತಕರಾರು ಬರಬಹುದು ಅಂತ ಅವರೇ ಎಚ್ಚರಿಸಿದರು.

"ಅರವತ್ತನೇ ದಿನ ನಿಜವಾಗ್ಲೂ 2ನೇ ತಾರೀಖೇ ಬಿದ್ದಿದ್ರೆ ಏನ್ಮಾಡ್ತಿದ್ರಿ ಮೇಡಂ?" ಅಂತ ಕೇಳಿದೆ.

"ರಿಲೀವಿಂಗ್ ಲೆಟರಲ್ಲಿ 2 ಅಂತಲೇ ಇರ್ತಿತ್ತು, ಸಂಬಳವೂ ಅಲ್ಲೀವರೆಗೆ. ಲ್ಯಾಪ್‌ಟಾಪ್, ಐಡಿ ಕಾರ್ಡ್ ಮಾತ್ರ 30ಕ್ಕೇ ಕೊಡ್ಬೇಕಿತ್ತು. ರಜೆ ದಿನ ತಗೊಳ್ಳೋಕೆ ಇಲ್ಲಿ ಯಾರಿರ್ತಾರೆ?"

ಅಂದರೆ ನೋಟಿಸ್ ಮುಗಿಯುವ ದಿನ ಬೇರೆ, ಕೆಲಸಕ್ಕೆ ಬರುವ ಕೊನೆಯ ದಿನ ಬೇರೆ. ಎಲ್ಲ ಕಡೆ ಹೀಗೇ ಅಲ್ಲ. ಮುಂದಿನ ಕೆಲಸದ ದಿನಕ್ಕೆ ತಳ್ಳುವ ಕಂಪನಿಗಳೂ ಇವೆ. ಗೆಳೆಯ ಆಮೇಲೆ ಎರಡಕ್ಕೂ ಸೂತ್ರ ಬರೆದುಕೊಟ್ಟ. B2ರಲ್ಲಿ ನೋಟಿಸ್ ಮುಗಿಯುವ ದಿನ ಇದ್ದರೆ:

```
=WORKDAY(B2+1,-1,H2:H8)
=WORKDAY(B2-1,1,H2:H8)
```

ಮೊದಲನೆಯದು ಆ ದಿನ ರಜೆಯಾದರೆ ಹಿಂದಕ್ಕೆ ಹೋಗುತ್ತದೆ, ಎರಡನೆಯದು ಮುಂದಕ್ಕೆ. ಕೆಲಸದ ದಿನವೇ ಆಗಿದ್ದರೆ ಎರಡೂ ಅಲ್ಲೇ ನಿಲ್ಲುತ್ತವೆ. ಆ +1, -1 ಇರುವುದೇ ಅದಕ್ಕೆ. ಅಕ್ಟೋಬರ್ 2 ಹಾಕಿ ನೋಡಿದೆವು. ಒಂದು ಸೆಪ್ಟೆಂಬರ್ 30 ಅಂತು, ಇನ್ನೊಂದು ಅಕ್ಟೋಬರ್ 3. ಎರಡನೇ, ನಾಲ್ಕನೇ ಶನಿವಾರ ಮಾತ್ರ ರಜೆ ಇರುವವರಿಗೆ ಇದು ಆಗಲ್ಲ. ಅವರು WORKDAY.INTL ಬಳಸಿ, ವಾರದ ರಜೆಗೆ 11 ಅಂತ ಕೊಟ್ಟು ಭಾನುವಾರವನ್ನಷ್ಟೇ ಬಿಡಿಸಬೇಕು. ಆ ಶನಿವಾರಗಳನ್ನು ರಜೆ ಪಟ್ಟಿಗೆ ಸೇರಿಸಬೇಕು.

ಹೊಸ ಕಂಪನಿಯವರಿಗೆ ಮತ್ತೆ ಬರೆದೆ. 6ನೇ ತಾರೀಖು ಸೋಮವಾರ ಬನ್ನಿ ಅಂದರು. ಅಮ್ಮ ಪಂಚಾಂಗ ನೋಡಲು ಒಳಗೆ ಹೋದರು.

ಅಕ್ಟೋಬರ್ 3ಕ್ಕೆ ಆಫೀಸಿಗೆ ಹೋದರೆ ಮುಕ್ಕಾಲು ಪಾಲು ಕುರ್ಚಿ ಖಾಲಿ. ಶುಕ್ರವಾರ ಒಂದು ರಜೆ ಹಾಕಿದ್ರೆ ಬುಧವಾರದಿಂದ ಭಾನುವಾರದವರೆಗೆ ಐದು ದಿನ ಸಿಗುತ್ತೆ, ಯಾರು ಬಿಡ್ತಾರೆ? 30ರಂದು ಮಾಡಿದ್ದ ಪೂಜೆಯ ಕಡಲೆಪುರಿ ಇನ್ನೂ ಕೀಬೋರ್ಡ್ ಸಂದಿಯಲ್ಲಿತ್ತು. ಐಟಿ ವಿಭಾಗದಲ್ಲಿ ಒಬ್ಬನೇ ಹುಡುಗ. ಲ್ಯಾಪ್‌ಟಾಪ್ ತಗೊಂಡು, ಅದರ ಮೇಲಿದ್ದ ಕುಂಕುಮ ಒರೆಸಿ, ಸಹಿ ಹಾಕಿದ.

"ಸರ್, ನೀವು 30ಕ್ಕೇ ಹೋಗ್ತೀರ ಅಂತ ಹೇಳಿದ್ರಲ್ವಾ?"